ಚೈನ್ ಕಡೆ ಆಯಿಲ್ ಒಸರುತ್ತಿದೆ, ಫೋಟೋ ಇಲ್ಲ: ಮೆಕ್ಯಾನಿಕ್‌ಗೆ ಏನು ನೋಡಿ, ಏನು ಹೇಳಬೇಕು

ಮಳೆಗಾಲದಲ್ಲಿ ಬಣಕಲ್, ಕೊಟ್ಟಿಗೆಹಾರದ ಕಡೆ ಫೋನ್ ಒಳಗೆ ನೀರು ಹೋಗುವುದು ಹೊಸ ವಿಷಯವಲ್ಲ. ಫೋನ್ ಹೋದರೆ ಬೈಕ್ ಸೋರಿಕೆಯ ಫೋಟೋನೂ ಹೋಗುತ್ತದೆ. ಆಗ ಬೇರೆಯವರ ಫೋನ್ ಇಸ್ಕೊಂಡು ಮೆಕ್ಯಾನಿಕ್‌ಗೆ ಬಾಯಲ್ಲೇ ಹೇಳಬೇಕು. ಹೆಚ್ಚಿನವರು "ಎಂಜಿನ್ ಕೆಳಗೆ ಆಯಿಲ್ ಸೋರ್ತಿದೆ" ಅಂತ ಹೇಳಿ ಮುಗಿಸುತ್ತಾರೆ. ಆದರೆ ಆಯಿಲ್ ಎಲ್ಲಿಂದ ಹೊರಟರೂ ಕೊನೆಗೆ ತೊಟ್ಟಿಕ್ಕುವುದು ಕೆಳಗೇ ಅಲ್ವಾ? ಆ ಮಾತಿನಿಂದ ಮೆಕ್ಯಾನಿಕ್‌ಗೆ ಯಾವ ಸೀಲ್, ಯಾವ ಪ್ಯಾಕಿಂಗ್ ತರಬೇಕು ಅಂತ ಗೊತ್ತಾಗುವುದಿಲ್ಲ. ಮೂಡಿಗೆರೆಯಿಂದ ತೋಟದವರೆಗೆ ಬಂದು, ಬೇಕಾದ ಸಾಮಾನು ಇಲ್ಲದೆ ವಾಪಸ್ ಹೋಗುತ್ತಾನೆ.

ಇಲ್ಲಿ ಒಂದೇ ಜಾಗದ ಸೋರಿಕೆಯನ್ನು ತೆಗೆದುಕೊಂಡಿದ್ದೇನೆ: ಎಂಜಿನ್‌ನ ಎಡಗಡೆ, ಚೈನ್ ತಿರುಗಿಸುವ ಹಲ್ಲಿನ ಚಕ್ರ ಅಂದರೆ ಮುಂದಿನ ಸ್ಪ್ರಾಕೆಟ್ ಸುತ್ತಮುತ್ತ. ತೋಟದ ದಾರಿಯಲ್ಲಿ ಓಡುವ 100ರಿಂದ 150 ಸಿಸಿ ಬೈಕ್‌ಗಳಲ್ಲಿ ತುಂಬಾ ಗೊಂದಲ ಆಗುವ ಜಾಗ ಇದು. ಎರಡು ಸೀಲ್, ಒಂದು ಪ್ಯಾಕಿಂಗ್, ಚೈನ್‌ನ ಜಿಡ್ಡು, ಮಳೆಯ ಕೆಸರು ಎಲ್ಲವೂ ಅಲ್ಲೇ ಸೇರುತ್ತವೆ. ಬಣಕಲ್ ಹತ್ತಿರದ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರ 125 ಸಿಸಿ ಬೈಕ್‌ನಲ್ಲಿ ಹೀಗೇ ಆಗಿತ್ತು. ಪ್ರತಿ ಹಂತದಲ್ಲೂ ಅವರ ಬೈಕ್ ಏನು ತೋರಿಸಿತು ಅಂತ ಜೊತೆಗೇ ಹೇಳುತ್ತಾ ಹೋಗುತ್ತೇನೆ.

ಮುಟ್ಟುವ ಮೊದಲು

ಎಂಜಿನ್ ಪೂರ್ತಿ ತಣ್ಣಗಾಗಲಿ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಬೈಕ್ ಗಟ್ಟಿ ನೆಲದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿರಲಿ. ಡಬಲ್ ಸ್ಟ್ಯಾಂಡ್ ಹಾಕಿ, ಗೇರ್‌ನಲ್ಲಿ ಎಂಜಿನ್ ಓಡಿಸುತ್ತಾ ಬಟ್ಟೆಯಿಂದ ಚೈನ್ ಒರೆಸುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಬಟ್ಟೆ ಸಿಕ್ಕಿಕೊಂಡರೆ ಬೆರಳು ಸ್ಪ್ರಾಕೆಟ್ ಒಳಗೆ ಹೋಗುತ್ತದೆ, ಕೈ ಎಳೆದುಕೊಳ್ಳುವಷ್ಟು ಸಮಯ ಸಿಗುವುದಿಲ್ಲ.

ಎಡ, ಬಲ ಅಂದರೆ ಸೀಟಿನ ಮೇಲೆ ಕೂತವರ ಎಡ, ಬಲ. ಮುಂದೆ ನಿಂತು ನೋಡುವವರದ್ದಲ್ಲ. ಅನುಮಾನ ಬಂದರೆ "ಚೈನ್ ಕಡೆ", "ಸೈಲೆನ್ಸರ್ ಕಡೆ" ಅಂತಲೇ ಹೇಳಿ. ಈ ವರ್ಗದ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಚೈನ್ ಮತ್ತು ಗೇರ್ ಲಿವರ್ ಎಡಕ್ಕೆ, ಕಿಕ್ಕರ್ ಮತ್ತು ಸೈಲೆನ್ಸರ್ ಬಲಕ್ಕೆ ಇರುತ್ತವೆ.

ಇನ್ನೂ ನಿಖರವಾಗಿ ಹೇಳಬೇಕಾದರೆ ಗಡಿಯಾರದ ಲೆಕ್ಕ ಬಳಸಿ. ಬೈಕ್‌ನ ಚೈನ್ ಕಡೆಗೆ ಬಂದು, ಎಂಜಿನ್‌ಗೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಮುಂದಿನ ಚಕ್ರ ನಿಮ್ಮ ಎಡಗೈ ಕಡೆ ಬರುತ್ತದೆ. ಸ್ಪ್ರಾಕೆಟ್ ನಡುವಿನ ಶಾಫ್ಟ್ ಗಡಿಯಾರದ ಮುಳ್ಳಿನ ಮೊಳೆ ಅಂದುಕೊಂಡರೆ, 12 ಅಂದರೆ ಮೇಲೆ, 6 ಅಂದರೆ ನೆಲದ ಕಡೆ, 9 ಅಂದರೆ ಮುಂದಿನ ಚಕ್ರದ ಕಡೆ, 3 ಅಂದರೆ ಹಿಂದಿನ ಚಕ್ರದ ಕಡೆ. "ಸ್ಪ್ರಾಕೆಟ್‌ನಿಂದ 7 ಗಂಟೆ ದಿಕ್ಕಿಗೆ, ಮೂರು ಬೆರಳು ಕೆಳಗೆ" ಅಂದರೆ ಮೆಕ್ಯಾನಿಕ್ ಕಣ್ಣು ಮುಚ್ಚಿಕೊಂಡೇ ಆ ಜಾಗ ನೋಡಬಲ್ಲ.

ಲಕ್ಷಣ: ಬೆಳಿಗ್ಗೆ ಬೈಕ್ ಕೆಳಗೆ ಕಪ್ಪು ಕಲೆ

ಮೊದಲು ಅದು ಆಯಿಲ್ ಹೌದೋ ಅಲ್ಲವೋ ನೋಡಿ. ಜುಲೈ, ಆಗಸ್ಟ್‌ನಲ್ಲಿ ಇದು ಬಹಳ ಮುಖ್ಯ. ಮಳೆಯಲ್ಲಿ ಓಡಿಸಿ ತಂದ ಬೈಕ್‌ನಿಂದ ನೀರು ಇಳಿಯುತ್ತದೆ. ಆ ನೀರು ಚೈನ್‌ನ ಕಪ್ಪು ಕೊಳೆಯನ್ನು ತೊಳೆದುಕೊಂಡು ಬರುತ್ತದೆ. ನೋಡಿದರೆ ಥೇಟ್ ಹಳೆ ಆಯಿಲ್ ಥರವೇ ಕಾಣುತ್ತದೆ.

ಬಿಳಿ ಕಾಗದವನ್ನೋ ಹಳೆ ರಟ್ಟನ್ನೋ ರಾತ್ರಿ, ದಿನವೂ ನಿಲ್ಲಿಸುವ ಹಾಗೇ ನಿಲ್ಲಿಸಿದ ಬೈಕ್ ಕೆಳಗೆ ಇಡಿ. ಮುಂದಿನ ಚಕ್ರ ಯಾವ ಕಡೆ ಇತ್ತು ಅಂತ ಅದರ ಮೇಲೆ ಬಾಣದ ಗುರುತು ಹಾಕಿ. ಬೆಳಿಗ್ಗೆ ಕಾಗದವನ್ನು ಒಲೆಯಿಂದ ದೂರ, ಗಾಳಿಗೆ ಒಣಗಲು ಬಿಡಿ. ನೀರಾದರೆ ಒಣಗಿ ಮಣ್ಣಿನ ಕಲೆ ಮಾತ್ರ ಉಳಿಯುತ್ತದೆ. ಆಯಿಲ್ ಆದರೆ ಒಣಗುವುದಿಲ್ಲ, ಬೋಂಡಾ ಕಟ್ಟಿದ ಪೇಪರ್ ಥರ ಬೆಳಕಿಗೆ ಹಿಡಿದರೆ ಕಲೆ ಪಾರದರ್ಶಕವಾಗಿ ಕಾಣುತ್ತದೆ.

ಆಯಿಲ್ ಅಂತ ಖಚಿತ ಆದ ಮೇಲೆ ಒಂದು ಹನಿ ಬೆರಳಿಗೆ ಹಚ್ಚಿ ಉಜ್ಜಿ. ತೆಳ್ಳಗೆ ಜಾರುವಂತಿದ್ದು ಕಂದು ಅಥವಾ ಕಪ್ಪು ಬಣ್ಣ ಇದ್ದರೆ ಎಂಜಿನ್ ಆಯಿಲ್. ಬೆರಳು ಬಿಡಿಸಿದಾಗ ಅಂಟಂಟಾಗಿ ಎಳೆ ಬಂದರೆ ಚೈನ್‌ಗೆ ಹಾಕಿದ ಲ್ಯೂಬ್ ಅಥವಾ ಗ್ರೀಸ್. ಕಲೆ ಬ್ಯಾಟರಿಯ ನೇರ ಕೆಳಗಿದ್ದರೆ ಮಾತ್ರ ಬೆರಳು ಹಾಕಬೇಡಿ, ಆಸಿಡ್ ಇರಬಹುದು. ಪೆಟ್ರೋಲ್ ವಾಸನೆ ಬಂದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಪೆಟ್ರೋಲ್ ಕಾಕ್ ಇದ್ದರೆ ಮುಚ್ಚಿ, ಬೈಕ್ ಸ್ಟಾರ್ಟ್ ಮಾಡಬೇಡಿ, ಹತ್ತಿರ ಬೀಡಿ, ಬೆಂಕಿ ಬೇಡ. ಅದು ಬೇರೆಯೇ ತೊಂದರೆ, ಮೆಕ್ಯಾನಿಕ್‌ಗೆ ತಕ್ಷಣ ಹೇಳಬೇಕಾದದ್ದು.

ರೈಟರ್ ಅವರ ರಟ್ಟಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕಂದು ಕಲೆ ಇತ್ತು, ಬೆರಳಿಗೆ ತೆಳ್ಳಗೆ ಜಾರುತ್ತಿತ್ತು. ಎಂಜಿನ್ ಆಯಿಲ್ಲೇ. ಅವರು ಆಗಲೇ "ಡ್ರೈನ್ ಬೋಲ್ಟ್ ಲೂಸಾಗಿದೆ" ಅಂತ ತೀರ್ಮಾನಿಸಿಬಿಟ್ಟಿದ್ದರು, ಯಾಕೆಂದರೆ ಹಳೆ ಆಯಿಲ್ ಇಳಿಸುವ ಆ ಬೋಲ್ಟ್‌ನ ಪಕ್ಕದಲ್ಲೇ ಹನಿ ತೂಗುತ್ತಿತ್ತು.

ಲಕ್ಷಣ: ಎಡಗಡೆ ಎಲ್ಲಾ ಕಪ್ಪು ಜಿಡ್ಡು, ಎಲ್ಲಿಂದ ಅಂತ ಗೊತ್ತಿಲ್ಲ

ಹನಿ ತೂಗುವ ಜಾಗವೇ ಸೋರುವ ಜಾಗ ಆಗಿರಬೇಕಿಲ್ಲ. ಆಯಿಲ್ ಕೆಳಗೆ ಹರಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ನೀವು ಹುಡುಕಬೇಕಾದದ್ದು ಒದ್ದೆಯಾಗಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲೆ ಮತ್ತು ಎಲ್ಲಕ್ಕಿಂತ ಮುಂದೆ ಇರುವುದನ್ನು.

ಅದು ಕಾಣಬೇಕಾದರೆ ಮೊದಲು ತೊಳೆಯಲೇಬೇಕು. ತಣ್ಣಗಿನ ಎಂಜಿನ್ ಮೇಲೆ ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿದ ಬ್ರಶ್ ಆಡಿಸಿ, ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಿಂದ ಪೂರ್ತಿ ಒರೆಸಿ. ಪೆಟ್ರೋಲ್‌ನಿಂದ ತೊಳೆಯಬೇಡಿ. ಜೋರಾದ ನೀರಿನ ಪೈಪನ್ನು ಸೀಲ್ ಇರುವ ಕಡೆ ನೇರವಾಗಿ ಹಿಡಿಯಬೇಡಿ, ನೀರೂ ಮಣ್ಣೂ ಒಳಗೆ ಹೋಗುತ್ತವೆ.

ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ತೆಳ್ಳಗೆ ಉದುರಿಸಿ. ಎಂಜಿನ್ ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿ ಐದರಿಂದ ಹತ್ತು ನಿಮಿಷ ಓಡಲು ಬಿಡಿ. ಕೈ ದೂರ ಇಟ್ಟು ಟಾರ್ಚ್‌ನಲ್ಲಿ ನೋಡಿ. ಬಿಳಿ ಪೌಡರ್ ಮೊದಲು ಕಪ್ಪಾಗುವ ಜಾಗವೇ ಮೂಲ.

ಎಡಗಡೆ ಸಾಮಾನ್ಯವಾಗಿ ಎರಡು ಮುಚ್ಚಳ ಕಾಣುತ್ತವೆ. ಮುಂದೆ ದುಂಡಗಿರುವುದು ಮ್ಯಾಗ್ನೆಟ್ ಕವರ್. ಹಿಂದೆ ಚೈನ್ ಒಳಗೆ ಹೋಗುವ ಜಾಗದಲ್ಲಿರುವುದು ಸ್ಪ್ರಾಕೆಟ್ ಕವರ್. ಮ್ಯಾಗ್ನೆಟ್ ಕವರ್‌ನ ಅಂಚಿನಲ್ಲಿ, ಎಂಜಿನ್ ಜೊತೆ ಕೂಡುವ ಗೆರೆಯಲ್ಲಿ ಪೌಡರ್ ಒದ್ದೆಯಾದರೆ ಪ್ಯಾಕಿಂಗ್ ಹೋಗಿದೆ ಅಥವಾ ಬೋಲ್ಟ್ ಸಡಿಲ ಇದೆ. ಗೆರೆಯ ಯಾವ ಗಂಟೆ ದಿಕ್ಕಿನಿಂದ ಶುರುವಾಗಿದೆ ಅಂತ ನೋಡಿಟ್ಟುಕೊಳ್ಳಿ. ಬೋಲ್ಟ್ ಬಿಗಿ ಮಾಡುವ ಆತುರ ಬೇಡ. ಅವು ಅಲ್ಯೂಮಿನಿಯಂನೊಳಗೆ ಕೂತಿರುವ ಸಣ್ಣ ಬೋಲ್ಟ್‌ಗಳು, ಜಾಸ್ತಿ ತಿರುಗಿಸಿದರೆ ಮರೆ ಕಿತ್ತುಹೋಗುತ್ತದೆ, ಆಮೇಲೆ ಖರ್ಚು ದೊಡ್ಡದು.

ಒದ್ದೆ ಇನ್ನೂ ಮೇಲಿನಿಂದ, ಅಂದರೆ ಟ್ಯಾಪೆಟ್ ಕವರ್ ಅಥವಾ ಹೆಡ್ ಮತ್ತು ಬೋರ್ ಕೂಡುವ ಗೆರೆಯಿಂದ ಇಳಿದಿದ್ದರೆ ಎಡಗಡೆಯ ಸೀಲ್‌ಗಳ ಮೇಲೆ ಅನುಮಾನ ಪಡುವುದು ದಂಡ. ಹಾಗೆ ಹೇಳಿಬಿಡಿ.

ರೈಟರ್ ತೊಳೆದು ಪೌಡರ್ ಹಾಕಿದಾಗ ಹೆಡ್ ಒಣಗಿಯೇ ಇತ್ತು, ಮ್ಯಾಗ್ನೆಟ್ ಕವರ್ ಅಂಚೂ ಒಣ. ಡ್ರೈನ್ ಬೋಲ್ಟ್ ಸುತ್ತಲೂ ಪೌಡರ್ ಬಿಳಿಯಾಗಿಯೇ ಉಳಿದಿತ್ತು. ಬೋಲ್ಟ್‌ನ ಮೇಲೆ ಅಪವಾದ ಅಲ್ಲಿಗೆ ಮುಗಿಯಿತು. ಆದರೆ ಎಂಜಿನ್ ಹತ್ತು ನಿಮಿಷ ಓಡಿದರೂ ಬೇರೆ ಎಲ್ಲೂ ಒದ್ದೆ ಕಾಣಲಿಲ್ಲ. ಹೀಗಾದಾಗ ಜನ ಪರೀಕ್ಷೆ ಕೈಬಿಡುತ್ತಾರೆ. ಬಿಡಬಾರದು. ನಿಂತಿದ್ದಾಗ ಸೋರುತ್ತದೋ, ಓಡುವಾಗ ಸೋರುತ್ತದೋ ಅನ್ನುವುದೇ ಮುಂದಿನ ಪ್ರಶ್ನೆ.

ಲಕ್ಷಣ: ಓಡಿಸಿ ಬಂದ ಮೇಲೆ ಮಾತ್ರ ಒದ್ದೆ

ಸ್ಪ್ರಾಕೆಟ್ ಕೂತಿರುವ ಶಾಫ್ಟ್ ಎಂಜಿನ್ ಒಳಗಿಂದ ಹೊರಗೆ ಬರುವ ಜಾಗದಲ್ಲಿ ಒಂದು ರಬ್ಬರ್ ಆಯಿಲ್ ಸೀಲ್ ಇದೆ. ಚಕ್ರ ತಿರುಗಿದಾಗ ಮಾತ್ರ ಈ ಶಾಫ್ಟ್‌ಗೆ ಚೈನ್‌ನ ಎಳೆತ ಬೀಳುತ್ತದೆ. ಹಾಗಾಗಿ ಸವೆದ ಸೀಲ್ ನ್ಯೂಟ್ರಲ್‌ನಲ್ಲಿ ಸುಮ್ನೆ ಇದ್ದು, ನಾಲ್ಕೈದು ಕಿಲೋಮೀಟರ್ ಓಡಿಸಿದಾಗ ಒಸರಬಹುದು. ಆಯಿಲ್ ಸ್ಪ್ರಾಕೆಟ್‌ನ ಹಿಂಬದಿಯಿಂದ ಬಂದು ಚೈನ್‌ಗೆ ಹತ್ತಿ, ಅಲ್ಲಿಂದ ಹಿಂದಿನ ಚಕ್ರದ ರಿಮ್, ಟೈರ್‌ವರೆಗೂ ಚಿಮ್ಮುತ್ತದೆ.

ಸ್ಪ್ರಾಕೆಟ್ ಕವರ್ ಬೇರೆಯಾಗಿದ್ದು ಎರಡು ಮೂರು ಬೋಲ್ಟ್‌ನಲ್ಲಿ ಬರುವಂತಿದ್ದರೆ ನೀವೇ ಬಿಚ್ಚಬಹುದು. ಮ್ಯಾಗ್ನೆಟ್ ಕವರ್ ಮತ್ತು ಅದು ಒಂದೇ ತುಂಡಾಗಿದ್ದರೆ ಬಿಚ್ಚಬೇಡಿ, ಒಳಗಿನ ಆಯಿಲ್ ಸುರಿಯಬಹುದು. "ಕವರ್ ಒಂದೇ ತುಂಡು, ಬಿಚ್ಚಿಲ್ಲ" ಅಂತ ಹೇಳಿದರೆ ಸಾಕು.

ಬಿಚ್ಚಿದರೆ ಮೂರು ವಿಷಯ ನೋಡಿ. ಮೊದಲನೆಯದು, ಸ್ಪ್ರಾಕೆಟ್ ಹಿಂದೆ ಗೋಣಿ ದಾರ, ಪ್ಲಾಸ್ಟಿಕ್ ದಾರ ಸುತ್ತಿಕೊಂಡಿದೆಯಾ. ಕಾಫಿ ಮೂಟೆ ಹೊರುವ ಬೈಕ್‌ಗಳಲ್ಲಿ ಇದನ್ನು ನೋಡದೆ ಬಿಡಬೇಡಿ, ಗಟ್ಟಿ ದಾರ ಸೀಲ್‌ನ ತುಟಿಯನ್ನು ಕತ್ತರಿಸುತ್ತದೆ.

ಎರಡನೆಯದು ಅಲುಗಾಟ. ಚೈನ್ ಸಡಿಲ ಇರುವ ಸ್ಥಿತಿಯಲ್ಲಿ ಸ್ಪ್ರಾಕೆಟ್ ಹಿಡಿದು ಅಲ್ಲಾಡಿಸಿ. ಅದು ಒಳಕ್ಕೂ ಹೊರಕ್ಕೂ ಸ್ವಲ್ಪ ಜರುಗಿದರೆ ಗಾಬರಿ ಬೇಡ, ಸ್ಪ್ರಾಕೆಟನ್ನು ಲಾಕ್ ಪ್ಲೇಟ್ ಹಿಡಿದಿಡುವ ಬೈಕ್‌ಗಳಲ್ಲಿ ಅಷ್ಟು ಇರುವುದೇ. ಮೇಲೆ ಕೆಳಗೆ ಅಲುಗಿದರೆ ಮಾತ್ರ ಗಮನ ಕೊಡಿ. ಆಗ ಒಂದು ಬೆರಳನ್ನು ಶಾಫ್ಟ್‌ನ ತುದಿಗೆ ಇಟ್ಟು ಮತ್ತೆ ಅಲ್ಲಾಡಿಸಿ. ಶಾಫ್ಟ್ ನಿಂತಲ್ಲೇ ಇದ್ದು ಸ್ಪ್ರಾಕೆಟ್ ಮಾತ್ರ ಆಡಿದರೆ ಅವೆರಡೂ ಕೂಡುವ ಹಲ್ಲುಗಳು ಸವೆದಿವೆ. ಶಾಫ್ಟ್ ಕೂಡ ಜೊತೆಗೆ ಆಡಿದರೆ ಒಳಗಿನ ಬೇರಿಂಗ್ ಹೋಗಿದೆ. ಬೇರಿಂಗ್ ಹೋದ ಮೇಲೆ ಸೀಲ್ ಮಾತ್ರ ಬದಲಾಯಿಸಿದರೆ ಮತ್ತೆ ಸೋರುತ್ತದೆ. ಬೇರಿಂಗ್‌ಗೆ ಎಂಜಿನ್ ಬಿಚ್ಚಬೇಕು, ಅದು ತೋಟದ ಶೆಡ್‌ನಲ್ಲಿ ಆಗುವ ಕೆಲಸವಲ್ಲ. ಈ ಒಂದು ಮಾತು ಫೋನ್‌ನಲ್ಲಿ ಹೇಳಿದರೆ ಮೆಕ್ಯಾನಿಕ್ ಬರುವ ಬದಲು ಗಾಡಿಯಲ್ಲಿ ಬೈಕ್ ಕಳಿಸಲು ಹೇಳುತ್ತಾನೆ.

ಮೂರನೆಯದು ಚೈನ್ ಬಿಗಿ. ಕೆಳಗಿನ ಚೈನ್‌ನ ನಡುವೆ ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಆಡಬೇಕು. ನಿಮ್ಮ ಬೈಕ್‌ನ ಲೆಕ್ಕ ಮಾಲೀಕರ ಕೈಪಿಡಿಯಲ್ಲಿರುತ್ತದೆ. ತಂತಿ ಥರ ಬಿಗಿಯಾಗಿದ್ದರೆ ಅದು ಶಾಫ್ಟನ್ನು ಸದಾ ಹಿಂದಕ್ಕೆ ಎಳೆದು ಬೇರಿಂಗನ್ನೂ ಸೀಲನ್ನೂ ಸವೆಸುತ್ತದೆ. ಕಾರಣ ಇದಾಗಿದ್ದರೆ ಮೆಕ್ಯಾನಿಕ್‌ಗೆ ತಿಳಿಯಬೇಕು.

ರೈಟರ್ ತೋಟದಿಂದ ಬಣಕಲ್‌ಗೆ ಹೋಗಿ ಬಂದು ಕವರ್ ಬಿಚ್ಚಿ ನೋಡಿದರು. ಸ್ಪ್ರಾಕೆಟ್ ಹಿಂಬದಿ ಒಣ. ಅಲುಗಾಟ ಇಲ್ಲ. ಚೈನ್ ಸರಿಯಾಗಿಯೇ ಇತ್ತು.

ಲಕ್ಷಣ: ಸೈಡ್ ಸ್ಟ್ಯಾಂಡ್‌ನಲ್ಲಿ ಸೋರುತ್ತದೆ, ಡಬಲ್ ಸ್ಟ್ಯಾಂಡ್‌ನಲ್ಲಿ ಇಲ್ಲ

ಈ ಪರೀಕ್ಷೆಗೆ ಒಂದು ರೂಪಾಯಿಯೂ ಖರ್ಚಿಲ್ಲ, ಆದರೆ ಮಾಡುವವರು ಕಡಿಮೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಬೈಕ್ ಎಡಕ್ಕೆ ವಾಲುತ್ತದೆ. ಎಂಜಿನ್ ಒಳಗಿನ ಆಯಿಲ್ಲೂ ಎಡಕ್ಕೆ ಬಂದು ನಿಲ್ಲುತ್ತದೆ. ಎಡಗಡೆ ತಗ್ಗಿನಲ್ಲಿರುವ ಯಾವ ಸೀಲ್ ಸವೆದಿದ್ದರೂ ರಾತ್ರಿಯಿಡೀ ಅದರ ಮೇಲೆ ಆಯಿಲ್ ಕೂತಿರುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿದರೆ ಮಟ್ಟ ಸರಿಯುತ್ತದೆ, ಸೋರಿಕೆ ನಿಲ್ಲಬಹುದು. ಒಂದು ರಾತ್ರಿ ಹಾಗೆ, ಒಂದು ರಾತ್ರಿ ಹೀಗೆ ನಿಲ್ಲಿಸಿ, ಎರಡು ರಟ್ಟು ಹೋಲಿಸಿ.

ಅದಕ್ಕೂ ಮೊದಲು ಆಯಿಲ್ ಮಟ್ಟ ನೋಡಿ. ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಎರಡು ಮೂರು ನಿಮಿಷ ಬಿಟ್ಟು, ಬೈಕ್ ನೆಟ್ಟಗಿರುವಾಗ ಬಲಗಡೆಯ ಆಯಿಲ್ ಕಡ್ಡಿ ತೆಗೆದು ಒರೆಸಿ ಅದ್ದಿ ನೋಡಿ. ಕಡ್ಡಿಯನ್ನು ತಿರುಗಿಸಬೇಕೋ ಸುಮ್ನೆ ಕೂರಿಸಬೇಕೋ ಅನ್ನುವುದು ಕೈಪಿಡಿಯಲ್ಲಿರುತ್ತದೆ. ಮೇಲಿನ ಗುರುತಿಗಿಂತ ಜಾಸ್ತಿ ಇದ್ದರೆ ಹೆಚ್ಚಾದ ಆಯಿಲ್ ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದಲೂ ಹೊರಗೆ ಬರಬಹುದು. ಆಗ ಸೀಲ್ ತಪ್ಪೇ ಇರುವುದಿಲ್ಲ.

ಸ್ಪ್ರಾಕೆಟ್ ಒಣಗಿದ್ದು ಸೈಡ್ ಸ್ಟ್ಯಾಂಡ್‌ನಲ್ಲಿ ಮಾತ್ರ ತೊಟ್ಟಿಕ್ಕಿದರೆ ಗೇರ್ ಲಿವರ್ ಕೂತಿರುವ ಶಾಫ್ಟ್‌ನ ಬುಡ ನೋಡಿ. ಅದು ಸ್ಪ್ರಾಕೆಟ್‌ಗಿಂತ ಕೆಳಗೆ ಇರುತ್ತದೆ. ಅಲ್ಲೂ ಒಂದು ಸಣ್ಣ ಆಯಿಲ್ ಸೀಲ್ ಇದೆ. ಎಂಜಿನ್ ಆಫ್ ಇರುವಾಗ ಲಿವರನ್ನು ಕೈಯಲ್ಲಿ ಮೇಲೆ ಕೆಳಗೆ ಆಡಿಸಿ, ಶಾಫ್ಟ್‌ನ ತುದಿಯನ್ನೇ ನೋಡಿ. ಅದು ನಿಂತಲ್ಲೇ ತಿರುಗಬೇಕು. ತುದಿ ಕಮಾನಿನಂತೆ ಓಲಾಡಿದರೆ ಶಾಫ್ಟ್ ಬಾಗಿದೆ. ಎಡಕ್ಕೆ ಬಿದ್ದ ಬೈಕ್‌ಗಳಲ್ಲಿ ಲಿವರ್ ಮೊದಲು ನೆಲಕ್ಕೆ ಬಡಿದು ಹೀಗಾಗುತ್ತದೆ. ಲಿವರ್ ಮಾತ್ರ ಬಾಗಿ ಶಾಫ್ಟ್ ಸರಿ ಇರುವುದೂ ಉಂಟು, ಅದಕ್ಕೇ ತುದಿ ನೋಡಬೇಕು.

ರೈಟರ್ ಅವರ ಬೈಕ್‌ನಲ್ಲಿ ಸೈಡ್ ಸ್ಟ್ಯಾಂಡ್ ರಟ್ಟಿನಲ್ಲಿ ಕಲೆ, ಡಬಲ್ ಸ್ಟ್ಯಾಂಡ್ ರಟ್ಟು ಶುಭ್ರ. ಆಯಿಲ್ ಎರಡು ಗುರುತಿನ ನಡುವೆ. ಗೇರ್ ಶಾಫ್ಟ್ ಬುಡದಲ್ಲಿ ಪೌಡರ್ ಕಪ್ಪು ಉಂಗುರವಾಗಿತ್ತು.

ಓಡಿಸುವುದನ್ನು ನಿಲ್ಲಿಸಬೇಕಾದಾಗ

ಹಿಂದಿನ ಟೈರ್‌ಗೆ ಆಯಿಲ್ ತಾಗಿದ್ದರೆ ಚಾರ್ಮಾಡಿ ಘಾಟಿ ಇರಲಿ, ಪಕ್ಕದ ಊರಿಗೂ ಬೇಡ. ಮಳೆಯ ತಿರುವಿನಲ್ಲಿ ಹಿಂದಿನ ಚಕ್ರ ಜಾರಿದರೆ ಹಿಡಿಯಲು ಆಗುವುದಿಲ್ಲ. ಹಿಂದಿನ ಬ್ರೇಕ್ ಹತ್ತಿರ ಆಯಿಲ್ ಕಂಡರೂ ಹಾಗೆಯೇ.

ಕಡ್ಡಿಯಲ್ಲಿ ಕೆಳಗಿನ ಗುರುತಿಗೂ ಆಯಿಲ್ ಮುಟ್ಟದಿದ್ದರೆ ಸ್ಟಾರ್ಟ್ ಮಾಡಬೇಡಿ. ಈ ಎಂಜಿನ್‌ಗಳಲ್ಲಿ ಇರುವುದೇ ಸುಮಾರು ಒಂದು ಲೀಟರ್ ಆಯಿಲ್, ಹಾಗಾಗಿ ಸಣ್ಣ ಸೋರಿಕೆಯೂ ಬೇಗ ಲೆಕ್ಕಕ್ಕೆ ಬರುತ್ತದೆ. ಆಯಿಲ್ ಇಲ್ಲದೆ ಓಡಿದರೆ ಸಣ್ಣ ಸೀಲ್‌ನ ಕೆಲಸ ಬೋರ್, ಪಿಸ್ಟನ್‌ವರೆಗೆ ಹೋಗುತ್ತದೆ. ಸೋರುವ ಜೊತೆಗೆ ಸ್ಪ್ರಾಕೆಟ್ ಕಡೆಯಿಂದ ಗರಗರ ಶಬ್ದ ಬಂದರೆ, ಅಥವಾ ಚೈನ್ ಹಾರಿದರೆ, ಆಗಲೂ ನಿಲ್ಲಿಸಿ. ಎಂಸೀಲ್ ಮೆತ್ತುವುದು, ಬಟ್ಟೆ ಕಟ್ಟುವುದು ಬೇಡ. ಬಟ್ಟೆ ಚೈನ್‌ಗೆ ಸಿಗುತ್ತದೆ, ಅಂಟು ಸೀಲ್ ಕೂರುವ ಜಾಗ ಹಾಳು ಮಾಡುತ್ತದೆ.

ಫೋನ್‌ನಲ್ಲಿ ಹೇಳುವಾಗ

ಭಾಗದ ಹೆಸರು ನೀವು ಹೇಳಬೇಕಾಗಿಲ್ಲ. ಕಂಡದ್ದು ಹೇಳಿ, ಹೆಸರು ಮೆಕ್ಯಾನಿಕ್ ಇಡಲಿ. ರೈಟರ್ ಮೊದಲ ಸಲ ಫೋನ್ ಮಾಡಿ "ಡ್ರೈನ್ ಬೋಲ್ಟ್ ವಾಷರ್ ತನ್ನಿ" ಅಂದಿದ್ದರು. ಪರೀಕ್ಷೆ ಎಲ್ಲ ಮುಗಿದ ಮೇಲೆ, ಸಿಗ್ನಲ್ ಕಟ್ಟಾದರೂ ತಲುಪಲಿ ಅಂತ ಮಗನ ಫೋನ್‌ನಿಂದ ಈ ಮೆಸೇಜ್ ಕಳಿಸಿದರು:

"125 ಸಿಸಿ, 2019ರ ಮಾಡೆಲ್, ಡ್ರಮ್ ಬ್ರೇಕ್. ಚೈನ್ ಕಡೆ ಎಂಜಿನ್ ಆಯಿಲ್ ಸೋರ್ತಿದೆ. ತೊಳೆದು ಪೌಡರ್ ಹಾಕಿ ನೋಡಿದೆ. ಮೊದಲು ಒದ್ದೆ ಆಗೋದು ಗೇರ್ ಲಿವರ್ ಶಾಫ್ಟ್ ಬುಡ, ಸ್ಪ್ರಾಕೆಟ್‌ನಿಂದ 7 ಗಂಟೆ ದಿಕ್ಕು. ಸೈಡ್ ಸ್ಟ್ಯಾಂಡಲ್ಲಿ ರಾತ್ರಿಗೆ ನಾಣ್ಯದಷ್ಟು ಕಲೆ, ಡಬಲ್ ಸ್ಟ್ಯಾಂಡಲ್ಲಿ ಇಲ್ಲ. ಸ್ಪ್ರಾಕೆಟ್ ಹಿಂದೆ ಒಣ, ಅಲುಗಾಟ ಇಲ್ಲ. ಡ್ರೈನ್ ಬೋಲ್ಟ್, ಹೆಡ್ ಒಣ. ಆಯಿಲ್ ಮಟ್ಟ ಸರಿ ಇದೆ."

ಒಣಗಿರುವ ಜಾಗಗಳನ್ನೂ ಬರೆದದ್ದು ಗಮನಿಸಿ. ಮೆಕ್ಯಾನಿಕ್‌ಗೆ ಅದರಿಂದಲೇ ಅರ್ಧ ಕೆಲಸ ಮುಗಿಯುತ್ತದೆ. ಅವನು ವಾಪಸ್ ಫೋನ್ ಮಾಡಿದ.

"ರೈಟ್ರೇ, ಬೈಕ್ ಯಾವಾಗಾದ್ರೂ ಎಡಕ್ಕೆ ಬಿದ್ದಿತ್ತಾ?"

"ಹೌದು ಮಾರಾಯ, ಹೋದ ತಿಂಗಳು ತೋಟದ ಇಳಿಜಾರಲ್ಲಿ ಜಾರಿತ್ತು. ನಿಂತಿದ್ದಾಗಲೇ."

"ಲಿವರ್ ಆಡಿಸಿದ್ರೆ ಶಾಫ್ಟ್ ತುದಿ ಓಲಾಡುತ್ತಾ, ನಿಂತಲ್ಲೇ ತಿರುಗುತ್ತಾ?"

"ಇರು, ನೋಡ್ತೀನಿ… ಓಲಾಡ್ತಿದೆ."

"ಹಂಗಾದ್ರೆ ಬರೀ ಸೀಲ್ ಹಾಕಿದ್ರೆ ನಿಲ್ಲಲ್ಲ. ಶಾಫ್ಟ್ ಬದ್ಲು ಮಾಡ್ಬೇಕು, ಅದು ಬಲಗಡೆ ಕ್ಲಚ್ ಕವರ್ ಬಿಚ್ಚಿ ಆ ಕಡೆಯಿಂದ ಎಳೀಬೇಕು. ಕ್ಲಚ್ ಕವರ್ ಪ್ಯಾಕಿಂಗೂ ಆಯಿಲ್ಲೂ ತರ್ತೀನಿ."

ಸೀಲ್ ಸೋರಿದ್ದು ಎಡಗಡೆ, ಕೆಲಸ ಬಲಗಡೆಯಿಂದ. ಆ ಎರಡು ಪ್ರಶ್ನೆ ಕೇಳದಿದ್ದರೆ ಅವನು ಸೀಲ್ ಒಂದನ್ನೇ ಜೇಬಿಗೆ ಹಾಕಿಕೊಂಡು ಬರುತ್ತಿದ್ದ. ಬೈಕ್ ಬಿದ್ದದ್ದು, ಇತ್ತೀಚೆಗೆ ಚೈನ್ ಬದಲಿಸಿದ್ದು, ಆಯಿಲ್ ಹಾಕಿಸಿದ್ದು ಇಂಥದ್ದನ್ನು ಕೇಳುವ ಮೊದಲೇ ಹೇಳಿದರೆ ಒಳ್ಳೆಯದು.

ಹಳೆ ಭಾಗ ಕೈಯಲ್ಲಿದ್ದರೆ

ಸೀಲ್ ಈಗಾಗಲೇ ಬಿಚ್ಚಿದ್ದರೆ ಎಸೆಯಬೇಡಿ. ಅದರ ಮುಖದ ಮೇಲೆ ಹೆಚ್ಚಾಗಿ ಮೂರು ಅಂಕಿ ಅಚ್ಚಾಗಿರುತ್ತವೆ, 20 32 6 ಅನ್ನುವ ಹಾಗೆ. ಒಳಗಿನ ತೂತು, ಹೊರಗಿನ ಅಳತೆ, ದಪ್ಪ, ಎಲ್ಲ ಮಿಲಿಮೀಟರ್‌ನಲ್ಲಿ. ಅಂಕಿ ಅಳಿಸಿದ್ದರೆ ಸ್ಕೇಲಿನಲ್ಲಿ ಹೊರಗಿನ ಅಳತೆ ಮತ್ತು ದಪ್ಪ ಅಳೆಯಿರಿ. ಒಳಗಿನ ತೂತನ್ನು ಸೀಲ್‌ನಲ್ಲಿ ಅಳೆಯಬೇಡಿ, ಶಾಫ್ಟ್‌ನ ದಪ್ಪ ಅಳೆಯಿರಿ, ಯಾಕೆಂದರೆ ರಬ್ಬರ್ ತುಟಿ ಶಾಫ್ಟ್‌ಗಿಂತ ಸ್ವಲ್ಪ ಚಿಕ್ಕದಾಗಿಯೇ ಇರುತ್ತದೆ. ಸ್ಪ್ರಾಕೆಟ್ ಆದರೆ ಹಲ್ಲು ಎಣಿಸಿ ಹೇಳಿ. ಹಲ್ಲುಗಳು ಒಂದೇ ಕಡೆಗೆ ಬಾಗಿ ಚೂಪಾಗಿದ್ದರೆ ಸವೆದಿದೆ ಅಂತ ಅರ್ಥ.

ಹೊಸ ಸೀಲ್ ಹಾಕಿದ ಮೇಲೆ ಮತ್ತೆ ಅದೇ ಜಾಗ ಒದ್ದೆ

ಜಾಗ ತೊಳೆದು, ಪೌಡರ್ ಹಾಕಿ, ಹತ್ತು ಕಿಲೋಮೀಟರ್ ಓಡಿಸಿ, ಆ ರಾತ್ರಿ ಸೈಡ್ ಸ್ಟ್ಯಾಂಡ್‌ನಲ್ಲೇ ರಟ್ಟಿನ ಮೇಲೆ ನಿಲ್ಲಿಸಿ. ಬೆಳಿಗ್ಗೆ ಒದ್ದೆ ಇದ್ದರೆ ಸೀಲ್ ಓರೆಯಾಗಿ ಕೂತಿರಬಹುದು, ಅಥವಾ ಹಾಕುವಾಗ ತುಟಿ ಮಡಚಿರಬಹುದು. ಕೆಲವು ದಿನ ಒಣಗಿದ್ದು ಆಮೇಲೆ ಒಸರಲು ಶುರುವಾದರೆ ಶಾಫ್ಟ್‌ನ ಮೇಲೆಯೇ ಗೀರು ಬಿದ್ದಿದೆಯಾ ನೋಡಲು ಹೇಳಿ. ಹಳೆ ಸೀಲ್ ಕೂತಿದ್ದ ಜಾಗದಲ್ಲಿ ಉಗುರು ಆಡಿಸಿದಾಗ ಗೀರಿಗೆ ಸಿಕ್ಕಿ ನಿಂತರೆ ಹೊಸ ಸೀಲ್ ಎಷ್ಟೇ ಒಳ್ಳೆಯದಾದರೂ ಹಿಡಿಯುವುದಿಲ್ಲ.

ರೈಟರ್ ಅವರ ಹಳೆ ಗೇರ್ ಶಾಫ್ಟ್‌ನಲ್ಲಿ ಅಂಥ ಗೀರೂ ಇತ್ತು, ಬಾಗೂ ಇತ್ತು. ಹೊಸ ಶಾಫ್ಟ್, ಹೊಸ ಸೀಲ್ ಹಾಕಿದ ಮೇಲೆ ಸೈಡ್ ಸ್ಟ್ಯಾಂಡ್‌ನ ರಟ್ಟು ಒಣಗಿಯೇ ಉಳಿಯಿತು. ಒಂದು ವಾರದ ಮೇಲೆ ಆಯಿಲ್ ಮಟ್ಟ ಮತ್ತೆ ನೋಡಿ ಫೋನ್ ಮಾಡಿ ಅಂತ ಮೆಕ್ಯಾನಿಕ್ ಹೇಳಿ ಹೋದ.